ಪದಚರ್ಚೆ: ಗೊಂಬೆಗೆ ಮುಖ ಹೊಂದಿಸುವಾಗ ‘ಕ್ಯಾಲಿಬ್ರೇಟ್’ ಎಂಬುದಕ್ಕೆ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಮ್ಮ ಊರಿನ ಚದುರಂಗ ಕೂಟದವರು ಸುತ್ತಲಿನ ಪಂದ್ಯಗಳನ್ನು ಕನ್ನಡದ ವೀಕ್ಷಕ ವಿವರಣೆಯೊಂದಿಗೆ ನೇರಪ್ರಸಾರ ಮಾಡುತ್ತೇವೆ. ವಿವರಣೆ ಕೊಡುವ ಮೂವರಲ್ಲಿ ಇಬ್ಬರಿಗೆ ಪರದೆಯ ಮೇಲೆ ಮುಖ ತೋರಿಸಲು ಸಂಕೋಚ. ಹಾಗಾಗಿ ಪರದೆಯ ಮೂಲೆಯಲ್ಲಿ ಒಂದು ಚಪ್ಪಟೆ ಗೊಂಬೆಯನ್ನು ಕೂರಿಸಿದ್ದೇವೆ. ಮುಖ, ರೆಪ್ಪೆ, ಹುಬ್ಬು, ತುಟಿ, ಮುಂಗೂದಲು ಎಲ್ಲವನ್ನೂ ಬೇರೆ ಬೇರೆ ಪದರಗಳಲ್ಲಿ ಬರೆದು ಲೈವ್2ಡಿ ಎಂಬ ತಂತ್ರಾಂಶದಲ್ಲಿ ಜೋಡಿಸಿದ ಗೊಂಬೆ ಅದು. ಮಾತಾಡುವವರ ಮುಖವನ್ನು ವೆಬ್‌ಕ್ಯಾಮ್ ನೋಡುತ್ತದೆ, ತಲೆ ಎಷ್ಟು ತಿರುಗಿದೆ, ಕಣ್ಣು ಎಷ್ಟು ತೆರೆದಿದೆ, ಬಾಯಿ ಎಷ್ಟು ಬಿಟ್ಟಿದೆ ಎಂಬುದನ್ನು ತಂತ್ರಾಂಶವು ಅಂಕಿಗಳಾಗಿ ಮಾಡುತ್ತದೆ, ಆ ಅಂಕಿಗಳು ಗೊಂಬೆಯ ಪದರಗಳನ್ನು ಎಳೆಯುತ್ತವೆ.

ಹೊಸದಾಗಿ ಸೇರುವವರಿಗಾಗಿ ಎರಡು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಟ್ರ್ಯಾಕಿಂಗ್’ಗೆ ‘ಜಾಡು ಹಿಡಿಯುವುದು’ ಎಂದು ಬರೆದಾಗ ಯಾರೂ ತಡವರಿಸಲಿಲ್ಲ. ತೊಡಕಾದದ್ದು ‘ಕ್ಯಾಲಿಬ್ರೇಟ್’ ಎಂಬ ಗುಂಡಿಯ ಹೆಸರು. ತಂತ್ರಾಂಶಗಳ ಕನ್ನಡ ಅನುವಾದಗಳಲ್ಲಿ ಕಾಣುವ ‘ಮಾಪನಾಂಕ ನಿರ್ಣಯ’ವನ್ನೇ ಹಾಕಿದೆ. ಅದನ್ನು ಓದಿದ ಹುಡುಗನೊಬ್ಬ, ಮುಖದ ಅಳತೆ ತೆಗೆಯುವುದೆಂದು ತಿಳಿದು, ಗುಂಡಿ ಒತ್ತುವಾಗ ಬಾಯನ್ನು ಆದಷ್ಟು ಅಗಲ ತೆರೆದು ಕುಳಿತ. ತಪ್ಪು ಅವನದಲ್ಲ, ಪದದ್ದು. ಒತ್ತುವಾಗ ಮುಖ ಸುಮ್ಮನೆ ಇರಬೇಕೆಂಬುದು ಪದದಿಂದಲೇ ಹೊಳೆಯುವಂತಿದ್ದರೆ ಒಳ್ಳೆಯದು. ನಿಮ್ಮಲ್ಲಿ ಯಾವ ಮಾತಿದೆ?

—

ಶಿರಸಿಯ ನಿವೃತ್ತ ಅಧ್ಯಾಪಕರೊಬ್ಬರು ಬರೆದದ್ದು:

ಗೊಂಬೆಯಾಟದ ಪರಿಭಾಷೆ ನಮ್ಮಲ್ಲಿ ಬೇಕಾದಷ್ಟಿದೆ. ಉಪ್ಪಿನಕುದ್ರಿನ ಸೂತ್ರದ ಗೊಂಬೆಯಾಟದವರನ್ನು ಕೇಳಿದರೆ, ಆಟಕ್ಕೆ ಮುನ್ನ ದಾರಗಳನ್ನು ಸರಿಪಡಿಸಿಕೊಳ್ಳುವುದಕ್ಕೆ ಅವರ ಬಾಯಲ್ಲಿರುವ ಮಾತು ಸಿಕ್ಕೀತು. ಅದನ್ನು ಬಿಟ್ಟು ಹೊಸದನ್ನು ಕಟ್ಟುವುದೇಕೆ? ಇನ್ನೊಂದು ಮಾತು: ಈ ಗೊಂಬೆಯನ್ನು ಅನೇಕರು ‘ಅವತಾರ’ ಎನ್ನುತ್ತಾರೆ. ಕನ್ನಡದಲ್ಲಿ ‘ಏನಿದು ನಿನ್ನ ಅವತಾರ’ ಎಂದರೆ ಬೈಗುಳ. ತಾವು ‘ಗೊಂಬೆ’ ಎಂದದ್ದು ಹಿತವಾಯಿತು.

—

ಮೈಸೂರಿನಿಂದ, ಸಂಗೀತ ಪಾಠ ಹೇಳುವವರೊಬ್ಬರು:

ಹಾಡಲು ಕೂರುವ ಮುನ್ನ ತಂಬೂರಿಯನ್ನು ಶ್ರುತಿ ಮಾಡುತ್ತೇವೆ. ಮುಖಕ್ಕೂ ಗೊಂಬೆಗೂ ಶ್ರುತಿ ಸೇರಿಸುವುದು ಎನ್ನಬಹುದಲ್ಲ. ಕೇಳಿದ ಕೂಡಲೇ ಎಲ್ಲರಿಗೂ ಅರ್ಥವಾಗುತ್ತದೆ.

—

ಬೆಂಗಳೂರಿನಲ್ಲಿ ಕಾರ್ಟೂನು ಚಲನಚಿತ್ರಗಳ ಕೆಲಸ ಮಾಡುವವರೊಬ್ಬರು:

‘ಶ್ರುತಿ’ ಕಿವಿಗೆ ಇಂಪಾಗಿದೆ, ಆದರೆ ಕೈಪಿಡಿಗೆ ಸಾಲದು. ಶ್ರುತಿ ಮಾಡುವಾಗ ತಂತಿಯನ್ನು ಬಿಗಿದು ಸಡಿಲಿಸಿ ನಿಜಕ್ಕೂ ಬದಲಾಯಿಸುತ್ತೇವೆ. ಇಲ್ಲಿ ಮುಖವೂ ಬದಲಾಗುವುದಿಲ್ಲ, ಗೊಂಬೆಯೂ ಬದಲಾಗುವುದಿಲ್ಲ. ಎಲ್ಲಿಂದ ಎಣಿಸಬೇಕೆಂಬುದು ಮಾತ್ರ ಗೊತ್ತಾಗುತ್ತದೆ. ಕಿರಾಣಿ ಅಂಗಡಿಯವನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಖಾಲಿ ಡಬ್ಬಿ ಇಟ್ಟು ಗುಂಡಿ ಒತ್ತಿ ಸೊನ್ನೆ ಮಾಡುತ್ತಾನಲ್ಲ, ಇದೂ ಅದೇ. ನಿಮ್ಮ ಸುಮ್ಮನಿರುವ ಮುಖವೇ ಖಾಲಿ ಡಬ್ಬಿ. ಆದ್ದರಿಂದ ‘ಮುಖ ಸೊನ್ನೆ ಮಾಡು’ ಎಂದು ಬರೆಯಿರಿ.

ಆದರೆ ಒಂದು ಎಚ್ಚರಿಕೆ. ಇಂಗ್ಲಿಷಿನ ಆ ಒಂದೇ ಪದ ನಮ್ಮ ಕಸುಬಿನಲ್ಲಿ ಎರಡು ಕೆಲಸಗಳನ್ನು ಹೊತ್ತಿದೆ. ಸೊನ್ನೆ ಎಲ್ಲಿ ಎಂದು ಹೇಳುವುದು ಒಂದು. ಎಲ್ಲಿಂದ ಎಲ್ಲಿಯವರೆಗೆ ಎಂದು ಮಿತಿ ಹಾಕುವುದು ಇನ್ನೊಂದು. ನೀವು ಹೇಳಿದ ಗುಂಡಿ ಮೊದಲನೆಯದನ್ನು ಮಾತ್ರ ಮಾಡುತ್ತದೆ, ಅದೂ ಮುಖ್ಯವಾಗಿ ತಲೆಯ ತಿರುವಿಗೆ. ಕಣ್ಣು ಬಾಯಿಗಳ ತೊಂದರೆಗಳು ಬಹುಪಾಲು ಎರಡನೆಯದಕ್ಕೆ ಸೇರಿದವು, ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅವು ಹೋಗುವುದಿಲ್ಲ. ಎರಡಕ್ಕೂ ಒಂದೇ ಕನ್ನಡ ಪದ ಕೊಟ್ಟರೆ ಇಂಗ್ಲಿಷಿನ ಗೊಂದಲವನ್ನೇ ಕನ್ನಡಕ್ಕೆ ಸಾಗಿಸಿದಂತಾಗುತ್ತದೆ.

—

ಪ್ರಶ್ನೆ ಕೇಳಿದವನ ಉತ್ತರ:

ಇದನ್ನು ಓದಿದ ಮೇಲೆ ನಮ್ಮ ಮೊದಲ ಪ್ರಸಾರದಲ್ಲಿ ಆದದ್ದೇನೆಂದು ತಿಳಿಯಿತು. ನಾನು ಮೇಜಿನ ಮೇಲಿನ ಹಲಗೆಯ ಕಡೆಗೆ ಬಗ್ಗಿ ಕಾಯಿಗಳನ್ನು ಜೋಡಿಸುತ್ತಿದ್ದಾಗಲೇ ಗೆಳೆಯ ಆ ಗುಂಡಿ ಒತ್ತಿಬಿಟ್ಟಿದ್ದ. ಹಲಗೆ ನೋಡುವಷ್ಟು ಹೊತ್ತೂ ಗೊಂಬೆ ನೆಟ್ಟಗೆ ಕೂತಿತ್ತು. ನಾನು ತಲೆಯೆತ್ತಿ ಕ್ಯಾಮೆರಾ ನೋಡಿದೊಡನೆ ಅದು ಸೂರಿನಲ್ಲಿ ಹಲ್ಲಿ ಹುಡುಕುವವರ ಹಾಗೆ ಮೇಲೆ ನೋಡುತ್ತಿತ್ತು. ಆಮೇಲೆ ಎಷ್ಟೇ ತಲೆಯೆತ್ತಿದರೂ ಅಲ್ಲಿಂದ ಮುಂದೆ ಕದಲಲಿಲ್ಲ, ಏಕೆಂದರೆ ಗೊಂಬೆಯ ತಲೆಯನ್ನು ಮೇಲೆ ಕೆಳಗೆ ಆಡಿಸುವ ಅಂಕಿ `ParamAngleY` ಸಾಮಾನ್ಯವಾಗಿ −30ರಿಂದ 30ರವರೆಗೆ ಮಾತ್ರ ಓಡುತ್ತದೆ.

ಅಧ್ಯಾಪಕರಿಗೆ ಒಂದು ಮಾತು. ಸೂತ್ರದ ಗೊಂಬೆಯಲ್ಲಿ ಆಡಿಸುವವರು ಗೊಂಬೆಯನ್ನು ಗಮನಿಸುತ್ತಲೇ ಕೈ ತಿದ್ದಿಕೊಳ್ಳಬಲ್ಲರು. ಇಲ್ಲಿ ಆಡಿಸುವವನ ಕಣ್ಣು ಹಲಗೆಯ ಮೇಲೆ, ಮನಸ್ಸು ಕುದುರೆಯ ಮುಂದಿನ ನಡೆಯ ಮೇಲೆ. ತಾನು ಗೊಂಬೆ ಆಡಿಸುತ್ತಿದ್ದೇನೆ ಎಂಬುದೇ ಅವನಿಗೆ ಮರೆತಿರುತ್ತದೆ. ಆದ್ದರಿಂದ ಮೊದಲೇ ಸರಿಮಾಡಿಡದೆ ಬೇರೆ ದಾರಿಯಿಲ್ಲ. ಆ ಪರಿಭಾಷೆ ಇಲ್ಲಿಗೆ ಹೊಂದುತ್ತದೆಯೇ ಎಂಬ ಅನುಮಾನ ನನಗೆ ಉಳಿದಿದೆ.

ಈಗ ಕಣ್ಣಿನ ವಿಷಯ. ನಮ್ಮ ಗೊಂಬೆ ಪಂದ್ಯದುದ್ದಕ್ಕೂ ತೂಕಡಿಸುತ್ತದೆ. ಇದು ‘ಮಿತಿ’ಯ ತೊಂದರೆಯೇ?

—

ಹುಬ್ಬಳ್ಳಿಯಿಂದ ಒಬ್ಬರು:

ನಾನು ಆಟಗಳನ್ನು ಆಡುತ್ತ ವಿವರಣೆ ಹೇಳುವವನು. ನಿಮ್ಮದು ಬೆಳಕಿನ ತೊಂದರೆ, ಬೇರೇನೂ ಅಲ್ಲ. ಟ್ಯೂಬ್‌ಲೈಟಿನ ಎದುರಿಗೆ ಕುಳಿತುಕೊಳ್ಳಿ, ಆಮೇಲೆ ಅಂಕಿಗಳ ಏರಿಳಿತವನ್ನು ತಗ್ಗಿಸುವ `Smoothing` ಅನ್ನು ಪೂರ್ತಿ ಏರಿಸಿ. ನನ್ನ ಗೊಂಬೆಯ ನಡುಕ ಹೀಗೇ ನಿಂತಿತು. ಇದಕ್ಕೆ ಬೇಕಾದ ಪದ ‘ನುಣುಪು’.

ನನಗೆ ಉಳಿದಿರುವ ಒಂದೇ ತಲೆನೋವು ಕನ್ನಡಕ. ಗಾಜಿನಲ್ಲಿ ಪರದೆಯ ಬೆಳಕು ಹೊಳೆದಾಗಲೆಲ್ಲ ಗೊಂಬೆ ಒಂದೇ ಕಣ್ಣು ಹೊಡೆಯುತ್ತದೆ. ನೋಡುವವರು ಅದನ್ನು ತಮಾಷೆ ಎಂದುಕೊಂಡಿದ್ದಾರೆ, ನಾನೂ ಸುಮ್ಮನಿದ್ದೇನೆ.

—

ಬೆಂಗಳೂರಿನವರು ಮತ್ತೆ:

ಹುಬ್ಬಳ್ಳಿಯವರು ಬೆಳಕಿನ ಬಗ್ಗೆ ಹೇಳಿದ್ದು ನಿಜ. ಬೆಳಕು ಕಡಿಮೆಯಾದರೆ ಎಷ್ಟೋ ವೆಬ್‌ಕ್ಯಾಮ್‌ಗಳು ಪ್ರತಿ ಚಿತ್ರಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡು ಸೆಕೆಂಡಿಗೆ 30ರ ಬದಲು 15 ಚಿತ್ರಗಳಿಗೆ ಇಳಿಯುತ್ತವೆ. ಚಿತ್ರದಲ್ಲಿ ಕಾಳುಕಾಳು ಹೆಚ್ಚಿದಂತೆ ತಂತ್ರಾಂಶವು ಮುಖದ ಮೇಲೆ ಗುರುತಿಸುವ ಬಿಂದುಗಳು ನಿಂತಲ್ಲೇ ನಡುಗುತ್ತವೆ. ಆದರೆ ತೂಕಡಿಕೆ ನಡುಕವಲ್ಲ. ನಡುಕದಲ್ಲಿ ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ, ತೂಕಡಿಕೆಯಲ್ಲಿ ಅಂಕಿ ಸ್ಥಿರವಾಗಿಯೇ ತಪ್ಪಾಗಿರುತ್ತದೆ. ಅಂಕಿಗಳನ್ನು ತೆರೆದಿಟ್ಟು ಒಂದು ನಿಮಿಷ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ನುಣುಪನ್ನು ಏರಿಸುವುದಕ್ಕೂ ಬೆಲೆ ತೆರಬೇಕು. ಹೊಸ ಅಂಕಿಯ ಐದನೆಯ ಒಂದು ಪಾಲು, ಹಳೆಯದರ ಐದನೆಯ ನಾಲ್ಕು ಪಾಲು ಸೇರಿಸುತ್ತ ಹೋದರೆ ಗೊಂಬೆ ಸರಾಸರಿ ನಾಲ್ಕು ಚಿತ್ರಗಳಷ್ಟು ಹಿಂದೆ ಬೀಳುತ್ತದೆ. ಸೆಕೆಂಡಿಗೆ 30 ಚಿತ್ರವಾದರೆ ಸುಮಾರು 130 ಮಿಲಿಸೆಕೆಂಡು. ತಲೆ ಅಷ್ಟು ತಡವಾದರೆ ಯಾರಿಗೂ ಕಾಣದು, ತುಟಿ ತಡವಾದರೆ ‘ಪ’, ‘ಬ’, ‘ಮ’ ಬಂದಾಗ ಕಾಣುತ್ತದೆ. ‘ಮಂತ್ರಿ’ ಎಂದು ಕೇಳಿ ಮುಗಿಯುವ ಹೊತ್ತಿಗೆ ತುಟಿ ಮುಚ್ಚುತ್ತದೆ. ಆದ್ದರಿಂದ ತಲೆಗೆ ಹೆಚ್ಚು ನುಣುಪು, ಬಾಯಿಗೆ ಕಡಿಮೆ. ಅಷ್ಟಕ್ಕೂ ತಡ ಉಳಿದರೆ ನೇರಪ್ರಸಾರದ ತಂತ್ರಾಂಶವಾದ ಓಬಿಎಸ್‌ನಲ್ಲಿ ಮೈಕಿನ `Sync Offset` ಅನ್ನು ಅಷ್ಟೇ ಮಿಲಿಸೆಕೆಂಡಿಗೆ ಇಟ್ಟು ಧ್ವನಿಯನ್ನೇ ತಡಮಾಡಬಹುದು, ಆಗ ಹಲಗೆಯ ಚಿತ್ರವನ್ನೂ ಅಷ್ಟೇ ತಡಮಾಡುವುದನ್ನು ಮರೆಯಬಾರದು.

ಇನ್ನು ತೂಕಡಿಕೆ. ಪ್ರಶ್ನೆ ಕೇಳಿದವರು ಕಣ್ಣು ಎಷ್ಟು ತೆರೆದಿದೆ ಎನ್ನುವ ಮೂರು ಅಂಕಿಗಳನ್ನು ಬರೆದುಕೊಳ್ಳಲಿ: ಕ್ಯಾಮೆರಾ ನೋಡುವಾಗ, ಹಲಗೆ ನೋಡುವಾಗ, ಕಣ್ಣು ಪೂರ್ತಿ ಮುಚ್ಚಿದಾಗ.

—

ಪ್ರಶ್ನೆ ಕೇಳಿದವನು:

ಅಳೆದೆ. ಕ್ಯಾಮೆರಾ ನೋಡುವಾಗ 0.80, ಹಲಗೆ ನೋಡುವಾಗ 0.45, ಮುಚ್ಚಿದಾಗ 0.10. ನಮ್ಮಲ್ಲಿ ಗೊಂಬೆಯ ಕಣ್ಣು ಪೂರ್ತಿ ಮುಚ್ಚುವ ಕೆಳಮಿತಿ 0.10, ಪೂರ್ತಿ ತೆರೆಯುವ ಮೇಲ್ಮಿತಿ 0.80 ಎಂದಿತ್ತು. ಆ ಲೆಕ್ಕದಲ್ಲಿ ಹಲಗೆ ನೋಡುವಾಗ ಗೊಂಬೆಯ ಕಣ್ಣು

```
(0.45 - 0.10) / (0.80 - 0.10) = 0.5
```

ಅಂದರೆ ಸರಿಯಾಗಿ ಅರ್ಧ ಮುಚ್ಚಿರುತ್ತದೆ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಕೆಳಗೆ ನೋಡುವವನ ರೆಪ್ಪೆ ಇಳಿದಂತೆ ಕಾಣುವುದು ಸಹಜ, ನನಗೆ ನಿದ್ದೆಯೇನೂ ಬಂದಿರಲಿಲ್ಲ. ಮೇಲ್ಮಿತಿಯನ್ನು 0.45ಕ್ಕೆ ಇಳಿಸಿದೆ. ಈಗ ಹಲಗೆ ನೋಡುವಾಗಲೂ ಕ್ಯಾಮೆರಾ ನೋಡುವಾಗಲೂ ಕಣ್ಣು ಪೂರ್ತಿ ತೆರೆದಿರುತ್ತದೆ, ಮಿಟುಕಿಸಿದರೆ ಮುಚ್ಚುತ್ತದೆ. ಕಳೆದುಕೊಂಡದ್ದು ಒಂದು: ಎದುರಾಳಿಯ ನಡೆಯನ್ನು ಅನುಮಾನಿಸಿ ಕ್ಯಾಮೆರಾದ ಕಡೆ ಕಣ್ಣು ಕಿರಿದು ಮಾಡುವುದು ಈಗ ಗೊಂಬೆಗೆ ಬರುವುದಿಲ್ಲ, ಏಕೆಂದರೆ 0.45ರ ಮೇಲಿನದೆಲ್ಲ ಅದಕ್ಕೆ ಒಂದೇ.

ಕೈಪಿಡಿಯಲ್ಲಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ಕ್ಯಾಮೆರಾವನ್ನು ನೇರವಾಗಿ ನೋಡಿ, ಬಾಯಿ ಮುಚ್ಚಿ, ಸುಮ್ಮನೆ ಕುಳಿತು ಮುಖವನ್ನು ಸೊನ್ನೆ ಮಾಡಿ. ಆಮೇಲೆ ಹಲಗೆ ನೋಡುತ್ತ ಕಣ್ಣಿನ ಮೇಲ್ಮಿತಿ ಕಟ್ಟಿ.” ಬಾಯಿ ಅಗಲಿಸಿದ್ದ ಹುಡುಗನಿಗೆ ಓದಲು ಕೊಟ್ಟೆ. ಯಾರನ್ನೂ ಕೇಳದೆ ಸರಿಯಾಗಿ ಮಾಡಿದ.

—

ಮೈಸೂರಿನವರು:

‘ಸೊನ್ನೆ ಮಾಡು’ ಎಂದರೆ ಇದ್ದದ್ದನ್ನು ಅಳಿಸಿ ಹಾಕುವುದು ಎಂದು ನನ್ನ ಕಿವಿಗೆ ಕೇಳುತ್ತದೆ. ‘ಮುಖ ಸೊನ್ನೆ ಮಾಡಿ’ ಎಂದು ನನಗೆ ಹೇಳಿದರೆ ನಾನಂತೂ ಗುಂಡಿ ಒತ್ತಲು ಹೆದರುತ್ತೇನೆ. ‘ಸೊನ್ನೆಗೆ ತನ್ನಿ’ ಎಂದರೆ ಸ್ವಲ್ಪ ವಾಸಿ. ‘ಮಿತಿ ಕಟ್ಟು’ ಎಂಬುದಕ್ಕೆ ನನ್ನ ತಕರಾರಿಲ್ಲ.

—

ಬೆಂಗಳೂರಿನವರು:

‘ಸೊನ್ನೆಗೆ ತರು’ ಒಪ್ಪಿದೆ. ಆದರೆ ಹಾದಿ ತಪ್ಪಿಸುವ ಇನ್ನೊಂದು ಪದ ನಿಮ್ಮ ಕೈಪಿಡಿಯಲ್ಲಿ ಬರಲಿದೆ, ಅದು ‘ಎಡ’. `ParamEyeLOpen` ಎಂದರೆ ಗೊಂಬೆಯ ಎಡಗಣ್ಣು, ನೋಡುವವರಿಗೆ ಅದು ಬಲಗಡೆ ಕಾಣುತ್ತದೆ. ವೆಬ್‌ಕ್ಯಾಮ್ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಟ್ಟಿದ್ದರೆ ನಿಮ್ಮ ಎಡ ಯಾವುದು, ಗೊಂಬೆಯ ಎಡ ಯಾವುದು ಎಂಬುದೇ ಅದಲುಬದಲು. ಬರೆಯುವವರು ‘ನಿಮ್ಮ ಎಡ’ ಎನ್ನಬೇಕೋ ‘ಗೊಂಬೆಯ ಎಡ’ ಎನ್ನಬೇಕೋ, ನಮ್ಮ ಕಚೇರಿಯಲ್ಲಿ ಇನ್ನೂ ಜಗಳ ಮುಗಿದಿಲ್ಲ.

—

ಹುಬ್ಬಳ್ಳಿಯವರು:

ಹಾಗಾದರೆ ನನ್ನ ಗೊಂಬೆ ಹೊಡೆಯುತ್ತಿರುವುದು ಯಾವ ಕಣ್ಣು?