ತಮ್ಮ ಬರೆದ ಪ್ರಬಂಧಕ್ಕೆ ‘ಮಷೀನ್ ಬರೆದದ್ದು’ ಅಂತ ಮುದ್ರೆ

ಮಧುಗಿರಿ ಅಕ್ಕ
ನನ್ನ ತಮ್ಮ ತುಮಕೂರಿನ ಹಾಸ್ಟೆಲ್‌ನಲ್ಲಿದ್ದು ಬಿಕಾಂ ಓದುತ್ತಿದ್ದಾನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಅಸೈನ್‌ಮೆಂಟ್‌ಗೆ ಒಂದೂವರೆ ಪುಟದ ಪ್ರಬಂಧ ಬರೆದ. ಕಾಲೇಜಿನವರು ಅದನ್ನು ಎಐ ಡಿಟೆಕ್ಟರ್‌ಗೆ ಹಾಕಿದರು. 78 ಪರ್ಸೆಂಟ್ ಮಷೀನ್ ಬರೆದದ್ದು ಅಂತ ಬಂತು, ಸೊನ್ನೆ ಮಾರ್ಕ್ಸ್ ಕೊಟ್ಟರು. ದಸರಾ ರಜೆಯಲ್ಲಿ ಮನೆಗೆ ಬಂದಾಗ ನನ್ನ ಎದುರಿಗೇ ರಫ್ ಬುಕ್‌ನಲ್ಲಿ ಬರೆದಿದ್ದ. ಕನ್ನಡ ಮೀಡಿಯಂ ಮಕ್ಕಳ ಇಂಗ್ಲಿಷ್‌ಗೇ ಯಾಕೆ ಹೀಗಾಗುತ್ತೆ?

ತುಮಕೂರು ಲೆಕ್ಚರರ್
ಮೇಡಂ, ಯಾವ ಅಕ್ಕ ತಮ್ಮನನ್ನು ಬಿಟ್ಟುಕೊಡುತ್ತಾರೆ ಹೇಳಿ? ಹದಿನಾಲ್ಕು ವರ್ಷದಿಂದ ಪೇಪರ್ ತಿದ್ದುತ್ತಿದ್ದೇನೆ. ಹೋದ ವರ್ಷದವರೆಗೆ ಒಂದು ಪ್ಯಾರಾ ಬರೆಯಲು ಒದ್ದಾಡುತ್ತಿದ್ದ ಹುಡುಗರು ಈಗ ಒಂದೂ ತಪ್ಪಿಲ್ಲದೆ ಎರಡು ಪುಟ ತರುತ್ತಾರೆ. ಮಷೀನ್ ಸುಮ್ನೆ ಸುಮ್ನೆ 78 ಅನ್ನಲ್ಲ.

ಚಿಂತಾಮಣಿ ಡೇಟಾ
“ಸುಮ್ನೆ ಸುಮ್ನೆ” ಅನ್ನುತ್ತೆ ಸರ್. ಅದು ಕಾಪಿ ಹೊಡೆದದ್ದನ್ನು ಹಿಡಿಯುವುದಿಲ್ಲ, ಇಂಥ ಬಹಳಷ್ಟು ಡಿಟೆಕ್ಟರ್‌ಗಳು ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತೆ ಅಂತ ಅಳೆಯುತ್ತವೆ. “ಊಟ” ಅಂದ ಕೂಡಲೇ “ಆಯ್ತಾ” ಅಂತ ನಿಮ್ಮ ಬಾಯಿಗೆ ಬರುತ್ತಲ್ವಾ? ಹಾಗೆ. ಪುಟದ ತುಂಬ ಊಹೆಗೆ ಸಿಗುವ ಪದಗಳೇ ಇದ್ದರೆ ಪರ್ಪ್ಲೆಕ್ಸಿಟಿ ಕಡಿಮೆ ಅಂತಾರೆ. ಮಷೀನ್ ಬರವಣಿಗೆಯೂ ಹೀಗೇ ಇರುತ್ತೆ. ಎರಡನೇ ಭಾಷೆಯಲ್ಲಿ ಬರೆಯುವವರ ಹತ್ತಿರ ಪದ ಕಡಿಮೆ. ಗೊತ್ತಿರುವ ವಾಕ್ಯದ ಅಚ್ಚಿನಲ್ಲೇ ಬರೆಯುತ್ತಾರೆ. ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ.

2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಚೀನಾದ ವಿದ್ಯಾರ್ಥಿಗಳು ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಹಾಕಿ ನೋಡಿದರು. ಎಲ್ಲವೂ ಮನುಷ್ಯರೇ ಬರೆದದ್ದು. ಸರಾಸರಿ ಶೇ 61ರಷ್ಟು ಮಷೀನಿನದು ಅಂತ ಬಂತು. 91ರಲ್ಲಿ 89 ಪ್ರಬಂಧಗಳನ್ನು ಒಂದಲ್ಲ ಒಂದು ಡಿಟೆಕ್ಟರ್ ಹಿಡಿಯಿತು. ಅಮೆರಿಕದ ಎಂಟನೇ ಕ್ಲಾಸ್ ಮಕ್ಕಳದ್ದು ಹಾಕಿದರೆ ತಪ್ಪೇ ಇಲ್ಲ ಅನ್ನುವಷ್ಟು ಕಡಿಮೆ.

ಬಂಗಾರಪೇಟೆ ಎಂಬಿಎ
ನನಗೂ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ 32 ಪರ್ಸೆಂಟ್ ಬಂದಿತ್ತು ಅಕ್ಕ. ರೆಫರೆನ್ಸ್ ಪೇಜ್ ತೆಗೆದು, ಕೋಟ್ ಮಾಡಿದ್ದನ್ನು ಬಿಟ್ಟು ಮತ್ತೆ ಚೆಕ್ ಮಾಡಿಸಿದೆ. 9ಕ್ಕೆ ಇಳಿಯಿತು. ಟೆನ್ಷನ್ ಬೇಡ.

ಚಿಂತಾಮಣಿ ಡೇಟಾ
ಅಣ್ಣ, ನಿಮ್ಮದು ಸಿಮಿಲಾರಿಟಿ ರಿಪೋರ್ಟ್. ಬೇರೆ ಕಡೆ ಇರುವ ಸಾಲಿಗೆ ನಿಮ್ಮ ಸಾಲು ಎಷ್ಟು ಹೊಂದುತ್ತೆ ಅನ್ನೋದು. ಅಲ್ಲಿ ಯಾವ ಪುಟದಿಂದ ಬಂತು ಅಂತ ತೋರಿಸುತ್ತಾರೆ, ನೀವು ಹೋಗಿ ನೋಡಬಹುದು. ಇಲ್ಲಿ ತೋರಿಸಲು ಮೂಲವೇ ಇಲ್ಲ. ಬರೀ ಒಂದು ನಂಬರ್.

ತುಮಕೂರು ಲೆಕ್ಚರರ್
“ಗೊತ್ತಿರುವ ವಾಕ್ಯದ ಅಚ್ಚು” ಅಂದಿರಲ್ಲ, ಅದೇ ನನ್ನ ಮಾತು. ಗೈಡ್ ಬಾಯಿಪಾಠ ಮಾಡಿ “ಎಜುಕೇಶನ್ ಪ್ಲೇಸ್ ಎ ವೈಟಲ್ ರೋಲ್ ಇನ್ ಅವರ್ ಲೈಫ್” ಅಂತ ಶುರು ಮಾಡುತ್ತಾರೆ. “ಇನ್ ಕನ್‌ಕ್ಲೂಶನ್” ಅಂತ ಮುಗಿಸುತ್ತಾರೆ. ಅದು ಹುಡುಗನ ಮಾತಾ? ಮಷೀನ್ ಬರೆದರೇನು, ಗೈಡ್ ಬರೆದರೇನು.

ಶಿರಾ ಸೀಮೆ
ಸಾರ್, ಆ ಗೈಡ್ ಕೊಡಿಸಿದ್ದು ಯಾರು? ನಾನು ಓದಿದ ಹೈಸ್ಕೂಲಿನಲ್ಲಿ ಮೇಷ್ಟ್ರೇ ಬೋರ್ಡ್ ಮೇಲೆ ಪ್ರಬಂಧ ಬರೆದು, “ಇದನ್ನೇ ಬರೀರಿ, ಒಂದಕ್ಷರ ಬದಲಾಯಿಸಿದರೆ ಮಾರ್ಕ್ಸ್ ಕಟ್” ಅಂದಿದ್ದರು. ಹತ್ತು ವರ್ಷ ಅಚ್ಚಿನಲ್ಲಿ ಹೊಯ್ದು, ಈಗ ಅಚ್ಚಿನ ಥರ ಇದ್ದೀಯ ಅಂತ ಬೈಯುವುದಾ?

ತುಮಕೂರು ಲೆಕ್ಚರರ್
ಬೈದವರು ಯಾರು? ಕನ್ನಡ ಮೀಡಿಯಂ ಅನ್ನೋದನ್ನು ಗುರಾಣಿ ಮಾಡಿಕೊಳ್ಳಬೇಡಿ. ನಾನೂ ಕೊರಟಗೆರೆ ಸರ್ಕಾರಿ ಶಾಲೆಯವನೇ.

ಶಿರಾ ಸೀಮೆ
ಏಣಿ ಹತ್ತಿದ ಮೇಲೆ ಏಣಿ ಒದೆಯುವವರು ಬಹಳ ಜನ ಇದ್ದಾರೆ ಬಿಡಿ.

ತುಮಕೂರು ಲೆಕ್ಚರರ್
ಹೆಸರು ಹಾಕದೆ ಬರೆಯುವವರ ಹತ್ತಿರ ನನಗೆ ಪಾಠ ಬೇಡ.

ಮಧುಗಿರಿ ಅಕ್ಕ
ನೀವೂ ಹೆಸರು ಹಾಕಿಲ್ಲ ಸರ್. ನನ್ನ ತಮ್ಮನ ವಿಷಯಕ್ಕೆ ಬನ್ನಿ. ಅವನ ಪ್ರಬಂಧದ ಮೊದಲ ಸಾಲೂ ಆ “ವೈಟಲ್ ರೋಲ್” ಸಾಲೇ. ಅದು ನಿಜ. ಆದರೆ ನಡುವೆ ನಮ್ಮಪ್ಪ ಹುಣಸೆಹಣ್ಣು ಮಾರಲು ಮಂಡಿಗೆ ಹೋಗಿದ್ದು, ತೂಕದಲ್ಲಿ ಮೋಸ ಹೋಗಿದ್ದು ಬರೆದಿದ್ದಾನೆ. ಅದು ಯಾವ ಗೈಡ್‌ನಲ್ಲಿದೆ?

ಚಿಂತಾಮಣಿ ಡೇಟಾ
ಹುಣಸೆಹಣ್ಣಿನ ಕಥೆ ನಿಜವೋ ಸುಳ್ಳೋ ಡಿಟೆಕ್ಟರ್‌ಗೆ ಗೊತ್ತಾಗಲ್ಲ ಅಕ್ಕ. “ಹಿ ವೆಂಟ್ ಟು ದಿ ಮಾರ್ಕೆಟ್” ಅಂತ ಸರಳವಾಗಿ ಬರೆದಿದ್ದರೆ ಆ ಸಾಲೂ ಊಹೆಗೆ ಸಿಗುವ ಸಾಲೇ.

ಸ್ಟ್ಯಾನ್‌ಫರ್ಡ್‌ನವರು ಇನ್ನೊಂದು ಮಾಡಿದರು. ಅದೇ ಟೋಫೆಲ್ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು, ಇಂಗ್ಲಿಷ್ ಮನೆಮಾತಿನವರ ಥರ ಪದ ಬದಲಾಯಿಸು ಅಂದರು. ತಪ್ಪಾಗಿ ಸಿಕ್ಕಿಬೀಳುವುದು 61ರಿಂದ 12ರ ಹತ್ತಿರಕ್ಕೆ ಇಳಿಯಿತು. ಅಂದರೆ ಸ್ವಂತ ಬರೆದರೆ ಕಳ್ಳ, ಮಷೀನ್ ಕೈಲಿ ಪಾಲಿಶ್ ಮಾಡಿಸಿದರೆ ಸಾಚಾ!

ತುಮಕೂರು ಲೆಕ್ಚರರ್
2023ರ ಕಥೆ ಎಷ್ಟು ದಿನ ಹೇಳುತ್ತೀರಿ? ಜಿಆರ್‌ಇ ಪರೀಕ್ಷೆ ನಡೆಸುವ ಇಟಿಎಸ್‌ನವರು ಆ ಪರೀಕ್ಷೆಯ ಪ್ರಬಂಧಗಳ ಮೇಲೆ ನೋಡಿದಾಗ ಇಂಗ್ಲಿಷ್ ಮನೆಮಾತಲ್ಲದವರ ಮೇಲೆ ಭೇದಭಾವ ಕಾಣಲಿಲ್ಲ. 2024ರಲ್ಲೇ ಪ್ರಕಟ ಆಗಿದೆ. ಅದನ್ನು ಯಾಕೆ ಮುಚ್ಚಿಟ್ಟಿರಿ?

ಚಿಂತಾಮಣಿ ಡೇಟಾ
ಮುಚ್ಚಿಟ್ಟಿಲ್ಲ, ಓದಿದ್ದೇನೆ. ಅವರು ತಮ್ಮದೇ ಡಿಟೆಕ್ಟರ್ ಕಟ್ಟಿದ್ದು. ಅದನ್ನು ಪಳಗಿಸಿದ್ದು ಜಿಆರ್‌ಇ ಪ್ರಬಂಧಗಳ ಮೇಲೇ, ಇಂಗ್ಲಿಷ್ ಮನೆಮಾತಿನವರದ್ದು, ಅಲ್ಲದವರದ್ದು ಎರಡನ್ನೂ ತೋರಿಸಿ. ಹಾಗೆ ಮಾಡಿದರೆ ಸರಿಹೋಗುತ್ತೆ, ಒಪ್ಪುತ್ತೇನೆ. ನಿಮ್ಮ ಕಾಲೇಜಿನ ಡಿಟೆಕ್ಟರ್‌ಗೆ ತುಮಕೂರು ಜಿಲ್ಲೆಯ ಹುಡುಗರ ಇಂಗ್ಲಿಷ್ ಯಾರು ತೋರಿಸಿದ್ದಾರೆ?

ಒಂದು ಲೆಕ್ಕ ಹಾಕಿ. ಸ್ವಂತವಾಗಿ ಬರೆದ ನೂರು ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. 60 ಜನ ಇಂಗ್ಲಿಷ್ ಮೀಡಿಯಂ, ಅದರಲ್ಲಿ ಒಬ್ಬ ತಪ್ಪಾಗಿ ಸಿಕ್ಕ. 40 ಜನ ಕನ್ನಡ ಮೀಡಿಯಂ, ಅದರಲ್ಲಿ ಒಂಬತ್ತು ಜನ. ಒಟ್ಟು ಹತ್ತು. “ನಮ್ಮ ತಪ್ಪು ನೂರಕ್ಕೆ ಹತ್ತು” ಅಂತ ಕಂಪನಿ ಹೇಳಿದರೆ ಸುಳ್ಳಲ್ಲ. ಆದರೆ ಹತ್ತರಲ್ಲಿ ಒಂಬತ್ತು ಏಟು ಬಿದ್ದಿದ್ದು ಒಂದೇ ಕಡೆಯ ಬೆನ್ನಿಗೆ. ಸರಾಸರಿ ಕೇಳಬೇಡಿ, ಯಾರಿಗೆ ಎಷ್ಟು ಅಂತ ಬಿಡಿಸಿ ಕೇಳಿ.

ತುಮಕೂರು ಲೆಕ್ಚರರ್
“ಇಟ್ಟುಕೊಳ್ಳಿ” ಅಂತ ಲೆಕ್ಕ ಹಾಕಿದರೆ ಏನು ಬೇಕಾದರೂ ಬರುತ್ತೆ.

ಚಿಂತಾಮಣಿ ಡೇಟಾ
ಹಾಗಾದರೆ ನಿಜದ್ದೇ ತಗೊಳ್ಳಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನವರೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟರು. ಮಷೀನ್ ಬರೆದದ್ದರಲ್ಲಿ ಶೇ 26 ಮಾತ್ರ ಹಿಡಿಯಿತು, ಮನುಷ್ಯರದ್ದರಲ್ಲಿ ಶೇ 9 ತಪ್ಪಾಗಿ ಹಿಡಿಯಿತು. ಜುಲೈನಲ್ಲಿ ಅವರೇ ಬಾಗಿಲು ಹಾಕಿದರು.

ಶಿರಾ ಸೀಮೆ
ಮಾಡಿದವನಿಗೇ ಆಗಲಿಲ್ಲ, ನಮ್ಮ ಮೇಷ್ಟ್ರಿಗೆ ಆಗುತ್ತೆ 😀

ತುಮಕೂರು ಲೆಕ್ಚರರ್
ನಗುವುದು ಸುಲಭ. ನನಗೆ 180 ಅಸೈನ್‌ಮೆಂಟ್ ಬರುತ್ತೆ, ಹದಿನೈದು ದಿನ ಟೈಮ್. ನಿಜವಾಗಿ ಕಾಪಿ ಹೊಡೆದವನು ನಗುತ್ತಾ ಓಡಾಡುತ್ತಾನಲ್ಲ, ಅವನ ಪಕ್ಕದಲ್ಲಿ ಕಷ್ಟಪಟ್ಟು ಬರೆದವಳಿಗೆ ಅದು ಅನ್ಯಾಯ ಅಲ್ವಾ? ಅದಕ್ಕೆ ಯಾರೂ ಉತ್ತರ ಕೊಡಲ್ಲ.

ಚಿಂತಾಮಣಿ ಡೇಟಾ
180 ಜನರನ್ನೂ ಕರೆಯಬೇಕಿಲ್ಲ. ಡಿಟೆಕ್ಟರ್ ಹಿಡಿದವರನ್ನು ಮಾತ್ರ ಹತ್ತು ನಿಮಿಷ ಕೂರಿಸಿ, “ಈ ಸಾಲು ಯಾಕೆ ಬರೆದೆ” ಅಂತ ಕೇಳಿ. ಕನ್ನಡದಲ್ಲೇ ಹೇಳಲಿ. ನಂಬರ್ ನೋಡಿ ವಿಚಾರಿಸಿ, ನಂಬರ್ ನೋಡಿ ಸೊನ್ನೆ ಕೊಡಬೇಡಿ.

ತುಮಕೂರು ಲೆಕ್ಚರರ್
ಇಂಗ್ಲಿಷ್ ಪೇಪರ್‌ಗೆ ಕನ್ನಡದಲ್ಲಿ ವೈವಾ! ಚೆನ್ನಾಗಿದೆ.

ಮಧುಗಿರಿ ಅಕ್ಕ
ರಫ್ ಬುಕ್ ಸಿಕ್ಕಿತು. “ಟ್ಯಾಮರಿಂಡ್” ಸ್ಪೆಲ್ಲಿಂಗ್ ಮೂರು ಸಲ ಹೊಡೆದು ಹಾಕಿ ಬರೆದಿದ್ದಾನೆ. ಟೈಪ್ ಮಾಡುವಾಗ ಫೋನ್ ತಾನೇ ತಿದ್ದಿದೆ. ಸೋಮವಾರ ಎಚ್‌ಒಡಿ ಹತ್ತಿರ ತಗೊಂಡು ಹೋಗುತ್ತೇವೆ.

ತುಮಕೂರು ಲೆಕ್ಚರರ್
ರಫ್ ಬುಕ್ ಆಮೇಲೂ ಬರೆಯಬಹುದು ಅಂತ ಕೇಳುತ್ತಾರೆ. ತಯಾರಾಗಿ ಹೋಗಿ. ಪೇಜ್ ಪೂರ್ತಿ ತೋರಿಸಿ, ಹಿಂದೆ ಮುಂದೆ ಬೇರೆ ನೋಟ್ಸ್ ಇದ್ದರೆ ಅದನ್ನೂ.

ಬಂಗಾರಪೇಟೆ ಎಂಬಿಎ
ಅಕ್ಕ, ರೆಫರೆನ್ಸ್ ಪೇಜ್ ತೆಗೆದು ನೋಡಿದ್ರಾ?