ಗ್ಯಾಸ್ ಹಾಕಿಸಿದ್ದು 38 ಡಾಲರ್‌ಗೆ, ಆಪ್‌ನಲ್ಲಿ 175 ಎರಡು ಸಲ: ಯಾರಿಗಾದರೂ ಹೀಗೆ ಆಗಿದೆಯಾ?

ಡಲ್ಲಾಸ್ ಹೊಸಬ (ಕೇಳಿದ್ದು): ಎಂ.ಎಸ್. ಮಾಡೋಕೆ ಬಂದು ಆರು ವಾರ. ಶುಕ್ರವಾರ ರಾತ್ರಿ ಡೆಬಿಟ್ ಕಾರ್ಡ್‌ನಲ್ಲಿ ಕಾರಿಗೆ 38.40 ಡಾಲರ್‌ಗೆ ಗ್ಯಾಸ್, ಅಂದರೆ ಪೆಟ್ರೋಲ್, ಹಾಕಿಸಿದೆ. ಮನೆಗೆ ಬಂದು ಬ್ಯಾಂಕಿನ ಆಪ್ ನೋಡಿದರೆ 175 ಒಂದು, ಅದರ ಕೆಳಗೆ ಇನ್ನೊಂದು 175. ಖಾತೆಯಲ್ಲಿ ಇದ್ದಿದ್ದೇ 540. ಸೋಮವಾರ ಬಾಡಿಗೆ ಪಾಲು 450 ತಾನಾಗಿ ಕಟ್ ಆಗುತ್ತದೆ. ಎರಡು ಸಲ ಕಿತ್ತುಕೊಂಡರಾ? ಯಾರನ್ನು ಕೇಳಬೇಕು?

ನೈಟ್ ಶಿಫ್ಟ್ ಗೌಡ: ನಾನು ಓದುವಾಗ ಎರಡು ವರ್ಷ ಗ್ಯಾಸ್ ಸ್ಟೇಷನ್‌ನಲ್ಲಿ ರಾತ್ರಿ ಕೌಂಟರ್‌ನಲ್ಲಿ ಕೂತವನು. ವಾರಕ್ಕೆ ನಾಲ್ಕು ಜನ ಇದೇ ಫೋನ್ ಹಿಡಿದುಕೊಂಡು ಜಗಳಕ್ಕೆ ಬರುತ್ತಿದ್ದರು. ಅದು ಕಿತ್ತುಕೊಂಡಿದ್ದಲ್ಲ ತಮ್ಮಾ, ಹಿಡಿದಿಟ್ಟುಕೊಂಡಿದ್ದು, ಇಲ್ಲಿ ಹೋಲ್ಡ್ ಅಂತಾರೆ. ನಮ್ಮೂರ ಬಂಕಿನಲ್ಲಿ ಹುಡುಗ ಮೊದಲು ಪೆಟ್ರೋಲ್ ಹಾಕಿ, ಆಮೇಲೆ ಅಷ್ಟೇ ಮೊತ್ತ ಮೆಷಿನ್‌ನಲ್ಲಿ ಒತ್ತುತ್ತಾನೆ. ಇಲ್ಲಿ ಉಲ್ಟಾ. ನೀನು ಕಾರ್ಡ್ ತೂರಿಸುವಾಗ ಎಷ್ಟು ಹಾಕಿಸುತ್ತೀಯ ಅಂತ ಪಂಪ್‌ಗೆ ಗೊತ್ತಿರುವುದಿಲ್ಲ. ಟ್ಯಾಂಕ್ ತುಂಬಿಸಿಕೊಂಡು ಹೊರಟೇ ಹೋದರೆ? ಅದಕ್ಕೆ ಮೊದಲೇ ಬ್ಯಾಂಕಿಗೆ ‘175 ಇದೆಯಾ, ಇದ್ದರೆ ಪಕ್ಕಕ್ಕೆ ಇಡು’ ಅನ್ನುತ್ತದೆ. ನೀನು ನಳಿಕೆ ವಾಪಸ್ ಇಟ್ಟ ಮೇಲೆ ನಿಜವಾದ ಮೊತ್ತ ಹೋಗುತ್ತದೆ.

ಆದರೆ ಅದು ಒಂದೇ 175 ಆಗಬೇಕಿತ್ತು. ನಿಜ ಹೇಳು, ಕಾರ್ಡ್ ಎರಡು ಸಲ ಹಾಕಿದೆ ಅಲ್ವಾ?

ಮೈಸೂರು ಮಾವ: ಮಗೂ, ಬೇಜಾರು ಮಾಡ್ಕೋಬೇಡ. ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ಅಂಗಡಿ ಮೆಷಿನ್‌ನಲ್ಲಿ ದುಡ್ಡು ಹೋಗಿ ವ್ಯವಹಾರ ಕೆಟ್ಟರೆ ಐದು ದಿನದೊಳಗೆ ವಾಪಸ್ ಹಾಕಲೇಬೇಕು, ತಡ ಮಾಡಿದರೆ ದಿನಕ್ಕೆ 100 ರೂಪಾಯಿ ದಂಡ. ನನಗೆ ಇಲ್ಲಿ ಬಂಕಿನಲ್ಲಿ ಒಮ್ಮೆ 1,500 ಹೋಗಿ, ಹುಡುಗ ‘ಬಂದಿಲ್ಲ ಸಾರ್’ ಅಂದು ಮತ್ತೆ ಕಟ್ಟಿಸಿಕೊಂಡ. ಮೂರನೇ ದಿನ ತಾನಾಗಿ ಬಂತು. ನೀನು ಧೈರ್ಯವಾಗಿ ದಂಡ ಕೇಳು.

ನೈಟ್ ಶಿಫ್ಟ್ ಗೌಡ: ಮಾವ, ಆ ನಿಯಮ ಸರಿ, ಆದರೆ ಅದು ನಮ್ಮ ದೇಶದ ಬ್ಯಾಂಕುಗಳಿಗೆ. ಇವನ ಖಾತೆ ಟೆಕ್ಸಾಸ್‌ನದು. ಅಲ್ಲದೆ ನಿಮ್ಮ ದುಡ್ಡು ಖಾತೆಯಿಂದ ನಿಜವಾಗಿಯೂ ಹೋಗಿತ್ತು. ಇವನದು ಇನ್ನೂ ಹೋಗಿಲ್ಲ.

ಸ್ಯಾನ್ ಹೋಸೆ ಕಿಟ್ಟಿ: 175 ಎಲ್ಲ ಬ್ಯಾಂಕಿನ ಕಿತಾಪತಿ. ಗ್ಯಾಸ್ ಸ್ಟೇಷನ್ ಕೇಳೋದು ಒಂದೇ ಡಾಲರ್. ನಾನು 15 ವರ್ಷದಿಂದ ನೋಡಿದ್ದೇನೆ, 1 ಡಾಲರ್ ತೋರಿಸುತ್ತದೆ, ಹೋಗುತ್ತದೆ. ಸುಮ್ನೆ ಒಂದು ವಾರ ಬಿಡಿ.

ಕಾರ್ಡ್ ಕಂಪ್ಲೇಂಟ್ ಡೆಸ್ಕ್ ಅಕ್ಕ: ಕಿಟ್ಟಿ ಅವರೇ, ಅರ್ಧ ಸರಿ. 1 ಡಾಲರ್ ಕೇಳಿ ಕಾರ್ಡ್ ಬದುಕಿದೆಯಾ ಅಂತ ನೋಡುವ ಸ್ಟೇಷನ್‌ಗಳು ಇವೆ. ಪೂರ್ತಿ ಮೊತ್ತ ಹಿಡಿಯುವ ಸ್ಟೇಷನ್‌ಗಳೂ ಇವೆ. ಎಷ್ಟು ಕೇಳಬೇಕು ಅನ್ನೋದು ಸ್ಟೇಷನ್‌ನವರು ಇಟ್ಟುಕೊಂಡ ಲೆಕ್ಕ, ಅದಕ್ಕೆ ವೀಸಾ, ಮಾಸ್ಟರ್‌ಕಾರ್ಡ್ ಒಂದು ಮಿತಿ ಹಾಕಿವೆ. ಮೊದಲು 125 ಇತ್ತು, 2022ರಲ್ಲಿ ಗ್ಯಾಸ್ ರೇಟು ಏರಿದಾಗ 175 ಮಾಡಿದರು. ನೀವು ಗಮನಿಸದೆ ಇರೋದಕ್ಕೆ ಇನ್ನೊಂದು ಕಾರಣ ಇರಬಹುದು. ನೀವು ಕ್ರೆಡಿಟ್ ಕಾರ್ಡ್ ಬಳಸುತ್ತೀರಾ?

ಸ್ಯಾನ್ ಹೋಸೆ ಕಿಟ್ಟಿ: ಹೌದು, ಯಾವಾಗಲೂ ಕ್ರೆಡಿಟ್.

ಕಾರ್ಡ್ ಕಂಪ್ಲೇಂಟ್ ಡೆಸ್ಕ್ ಅಕ್ಕ: ಹಾಗಾದರೆ ಮುಗೀತು. ಕ್ರೆಡಿಟ್‌ನಲ್ಲಿ 175 ಹಿಡಿದರೆ ನಿಮ್ಮ ಲಿಮಿಟ್‌ನಲ್ಲಿ ಒಂದು ಚೂರು ಕಮ್ಮಿ ಆಗುತ್ತದೆ, ಯಾರಿಗೂ ಗೊತ್ತಾಗಲ್ಲ. ಡೆಬಿಟ್‌ನಲ್ಲಿ ಹಿಡಿಯೋದು ಅಡುಗೆ ಮನೆ ಡಬ್ಬಿಯ ದುಡ್ಡನ್ನೇ.

ಡಲ್ಲಾಸ್ ಹೊಸಬ: ಗೌಡ್ರೇ, ಹೌದು, ಹೇಳೋಕೆ ಮರೆತೆ. ಮೊದಲ ಪಂಪ್‌ನಲ್ಲಿ ಕಾರ್ಡ್ ಹಾಕಿದೆ, ಜಿಪ್ ಕೋಡ್, ಅಂದರೆ ವಿಳಾಸದ ಅಂಚೆ ಕೋಡ್, ಕೇಳಿತು. ಈಗಿನ ಅಪಾರ್ಟ್‌ಮೆಂಟಿನದು ಒತ್ತಿದೆ. ‘ಸೀ ಕ್ಯಾಷಿಯರ್’ ಅಂತ ಬಂತು. ಒಳಗೆ ಹೋಗೋಕೆ ಸೋಮಾರಿತನ, ಪಕ್ಕದ ಪಂಪ್‌ಗೆ ಕಾರು ತಂದೆ. ಅಲ್ಲಿ ಹಳೆಯದು, ಅಂದರೆ ಬಂದಾಗ ಉಳಿದುಕೊಂಡಿದ್ದ ಫ್ರೆಂಡ್ ಮನೆಯ ಜಿಪ್ ಹಾಕಿದೆ, ಹೋಯ್ತು. ಬ್ಯಾಂಕಿನಲ್ಲಿ ಅಡ್ರೆಸ್ ಬದಲಾಯಿಸೇ ಇಲ್ಲ.

ಈಗ ಶನಿವಾರ ಬೆಳಗ್ಗೆ. ಒಂದು 175 ಮಾಯ, ಆ ಜಾಗದಲ್ಲಿ 38.40 ಇದೆ. ಇನ್ನೊಂದು 175 ಹಾಗೇ ಕೂತಿದೆ. ಮೇಲೆ ಎರಡು ಬ್ಯಾಲೆನ್ಸ್ ತೋರಿಸುತ್ತಿದೆ, ಕರೆಂಟ್ 540, ಅವೈಲಬಲ್ 326.60. ಯಾವುದನ್ನು ನಂಬಬೇಕು?

ಕಾರ್ಡ್ ಕಂಪ್ಲೇಂಟ್ ಡೆಸ್ಕ್ ಅಕ್ಕ: ಸಿಕ್ತು ನೋಡಿ. ಈಗ ಲೆಕ್ಕ ಹಾಕೋಣ. 540ರಲ್ಲಿ 175 ಕಳೆದು, 38.40 ಕಳೆದರೆ ಸರಿಯಾಗಿ 326.60. ಅಂದರೆ ನಿಮ್ಮ ಖಾತೆಯಿಂದ ಇನ್ನೂ ಒಂದು ಡಾಲರೂ ಹೊರಗೆ ಹೋಗಿಲ್ಲ, ಕರೆಂಟ್ 540 ಅಂತಿರೋದು ಅದಕ್ಕೇ. ಆದರೆ ನಾಳೆ ನೀವು ಮುಟ್ಟಬಹುದಾದದ್ದು 326.60 ಮಾತ್ರ. ಬಾಡಿಗೆಯ ಲೆಕ್ಕಕ್ಕೆ ಅದನ್ನೇ ನಂಬಿ.

ಎರಡನೇ ಪಂಪ್‌ನದು ಸರಿಯಾಗಿ ನಡೆದಿದೆ. ಪಂಪ್ 38.40 ಅಂತ ಕೊನೆಯ ಮೊತ್ತ ಕಳಿಸಿತು, ಬ್ಯಾಂಕ್ ಜೋಡಿ ಹೊಂದಿಸಿ ಹಳೇ 175 ಬಿಟ್ಟಿತು. ಹೀಗೆ ಕೊನೆಯ ಮೊತ್ತ ಬಂದ ಮೇಲೆ ಹಿಡಿದಿದ್ದನ್ನು ಬೇಗ ಬಿಡಬೇಕು ಅಂತ ಕಾರ್ಡ್ ಕಂಪನಿಗಳ ನಿಯಮ ಇದೆ, ಗಂಟೆಗಳ ಲೆಕ್ಕದಲ್ಲಿ.

ತೊಂದರೆ ಇರೋದು ಮೊದಲ ಪಂಪ್‌ನದು. ಅಲ್ಲಿ ಬ್ಯಾಂಕ್ ‘ದುಡ್ಡಿದೆ, ಇಟ್ಟಿದ್ದೇನೆ, ಆದರೆ ಜಿಪ್ ಹೊಂದಲಿಲ್ಲ’ ಅಂತ ಉತ್ತರ ಕೊಟ್ಟಿರುತ್ತದೆ. ಜಿಪ್ ನೋಡಿ ಪಂಪ್ ಬೇಡ ಅಂದಿತು. ಬೇಡ ಅಂದ ಮೇಲೆ ‘ರದ್ದು ಮಾಡು’ ಅಂತ ಒಂದು ಸಂದೇಶ ವಾಪಸ್ ಕಳಿಸಬೇಕು. ಅದು ಹೋಗಲಿಲ್ಲ, ಅಥವಾ ಹೋಗಿದ್ದು ಬ್ಯಾಂಕಿಗೆ ಹೊಂದಲಿಲ್ಲ. ಹಾಗಾಗಿ ಆ 175 ಅನಾಥವಾಗಿ ಕೂತಿದೆ. ಗ್ಯಾಸೇ ಹರಿಯಲಿಲ್ಲ, ಕೊನೆಯ ಮೊತ್ತ ಎಂದೂ ಬರೋದಿಲ್ಲ, ಬೇಗ ಬಿಡುವ ಗಡಿಯಾರ ಶುರುವೇ ಆಗೋದಿಲ್ಲ. ಬ್ಯಾಂಕ್ ತನ್ನ ಅವಧಿ ಮುಗಿಯುವ ತನಕ ಹಿಡಿದಿಟ್ಟು ಆಮೇಲೆ ಬಿಡುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನ, ನಡುವೆ ವೀಕೆಂಡ್ ಬಂದರೆ ಇನ್ನೂ ಎಳೆಯಬಹುದು.

ಇವತ್ತೇ ಒಂದು ಕೆಲಸ ಮಾಡಿ. ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ. ‘ಡಿಸ್‌ಪ್ಯೂಟ್’ ಅನ್ನಬೇಡಿ, ಪೆಂಡಿಂಗ್ ಇರುವಾಗ ಅವರು ಅದನ್ನು ತೆಗೆದುಕೊಳ್ಳೋದೇ ಇಲ್ಲ. ‘ಹೋಲ್ಡ್ ರಿಲೀಸ್ ಮಾಡಿ’ ಅನ್ನಿ. ಆ 175ರ ಆಥರೈಸೇಷನ್ ಕೋಡ್ ಕೇಳಿ ಬರೆದುಕೊಳ್ಳಿ. ಸ್ಟೇಷನ್‌ನಿಂದ ‘ಈ ಮೊತ್ತ ನಮಗೆ ಬೇಡ’ ಅಂತ ಖಾತ್ರಿ ಬೇಕು ಅಂದರೆ, ಮ್ಯಾನೇಜರ್ ಇರುವ ಹೊತ್ತಿಗೆ ಮೂವರೂ ಒಂದೇ ಲೈನ್‌ನಲ್ಲಿ ಮಾತಾಡಿ. ಕೆಲವು ಬ್ಯಾಂಕ್ ಒಪ್ಪುತ್ತವೆ, ಕೆಲವು ಕೈ ಎತ್ತುತ್ತವೆ.

ನೈಟ್ ಶಿಫ್ಟ್ ಗೌಡ: ಒಂದು ಮಾತು ಸೇರಿಸ್ತೀನಿ. ಕೌಂಟರ್‌ನಲ್ಲಿ ಇರುವ ಹುಡುಗನ ಮೇಲೆ ಕೂಗಾಡಬೇಡ. ಅವನ ಪರದೆಯಲ್ಲಿ 38.40 ಮಾತ್ರ ಕಾಣುತ್ತದೆ, 175 ಅನ್ನೋದೇ ಇರಲ್ಲ. ‘ನಮ್ಮ ಹತ್ತಿರ ನಿಮ್ಮ ದುಡ್ಡಿಲ್ಲ’ ಅಂದರೆ ಅವನು ಸುಳ್ಳು ಹೇಳುತ್ತಿಲ್ಲ.

ಆಸ್ಟಿನ್ ಅಮ್ಮ: ಬಾಡಿಗೆ ವಿಷಯ ಯಾರೂ ಹೇಳಲಿಲ್ಲ ನೋಡಿ. ನನ್ನ ಮಗಳಿಗೆ ಹೀಗೇ ಆಗಿ, ಆಟೋ ಪೇ ಬೌನ್ಸ್ ಆಗಿ, ಬ್ಯಾಂಕ್ 35 ಡಾಲರ್ ಫೀಸ್ ಹಾಕಿತು, ಮನೆ ಮಾಲೀಕನದು ಬೇರೆ ಲೇಟ್ ಫೀ. ‘ಓವರ್‌ಡ್ರಾಫ್ಟ್‌ಗೆ ನಾನು ಒಪ್ಪೇ ಇಲ್ಲ’ ಅಂತ ಅವಳ ವಾದ. ಆ ಒಪ್ಪಿಗೆ ಅಂಗಡಿಯಲ್ಲಿ ಕಾರ್ಡ್ ಎಳೆಯೋದಕ್ಕೆ, ಎಟಿಎಂಗೆ ಮಾತ್ರವಂತೆ, ಖಾತೆಯಿಂದ ತಾನಾಗಿ ಹೋಗುವ ಬಾಡಿಗೆಗೆ ಅಲ್ವಂತೆ. ಹೋಲ್ಡ್‌ನಿಂದ ಆಯ್ತು ಅಂತ ಅತ್ತು ಕರೆದು ಒಂದು ಸಲ ಮಾಫಿ ಮಾಡಿಸಿಕೊಂಡಳು. ಸೋಮವಾರದ ಆಟೋ ಪೇ ಇವತ್ತೇ ನಿಲ್ಲಿಸಪ್ಪ, ರೂಮ್‌ಮೇಟ್ ಹತ್ತಿರ ಕಟ್ಟಿಸು.

ಲಂಡನ್ ಲೋಕಿ: ಇಲ್ಲಿ ಸೂಪರ್‌ಮಾರ್ಕೆಟ್ ಪಂಪ್‌ಗಳಲ್ಲೂ ಇದೇ ಪದ್ಧತಿ, 100 ಪೌಂಡ್‌ವರೆಗೆ ಹಿಡಿಯೋದು ನೋಡಿದ್ದೇನೆ. ಆದರೆ ನನ್ನ ಬ್ಯಾಂಕ್ ಕೆಲವೇ ನಿಮಿಷದಲ್ಲಿ ಬಿಡುತ್ತದೆ. ಅಮೆರಿಕದಲ್ಲಿ ಯಾಕಿಷ್ಟು ನಿಧಾನ?

ಫೀನಿಕ್ಸ್ ಪ್ರಸಾದ: ಎಲ್ಲರೂ ‘ಹೋಲ್ಡ್, ತಾನೇ ಹೋಗುತ್ತೆ’ ಅಂತ ಸಮಾಧಾನ ಹೇಳ್ತೀರಿ. ನನಗೆ ನಿಜವಾಗಿಯೇ ಎರಡು ಸಲ ಕಟ್ ಆಗಿತ್ತು. 52.17 ಎರಡು ಸಾಲು. ನಾನೂ ಹೋಲ್ಡ್ ಅಂದುಕೊಂಡು ಕೂತೆ, ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಎರಡೂ ಬಂತು.

ಕಾರ್ಡ್ ಕಂಪ್ಲೇಂಟ್ ಡೆಸ್ಕ್ ಅಕ್ಕ: ಅದು ಬೇರೆ ಜಾತಿ. ನಿಮ್ಮದರಲ್ಲಿ ಗುರುತು ಸ್ಪಷ್ಟ ಇತ್ತು: ಎರಡೂ ಪೈಸೆ ಸಮೇತ ಒಂದೇ ಮೊತ್ತ, ಎರಡೂ ಪೋಸ್ಟೆಡ್, ಅಂದರೆ ಖಾತೆಯಿಂದ ಹೋಗಿ ಮುಗಿದದ್ದು. ಹೋಲ್ಡ್ ಆದರೆ ಸಾಮಾನ್ಯವಾಗಿ 1, 125, 175 ಹೀಗೆ ಚಿಲ್ಲರೆ ಇಲ್ಲದ ಸಂಖ್ಯೆ ಇರುತ್ತದೆ, ಪೆಂಡಿಂಗ್ ಭಾಗದಲ್ಲೇ ಇರುತ್ತದೆ. ಅದು ಹೋಗುವಾಗ ‘ರೀಫಂಡ್’ ಅಂತ ಸಾಲು ಬರೋದಿಲ್ಲ, ಇದ್ದ ಸಾಲೇ ಅಳಿಸಿಹೋಗುತ್ತದೆ. ಜನ ರೀಫಂಡ್ ಹುಡುಕಿ ಹುಡುಕಿ ಕಾಣದೆ ಮತ್ತೆ ಫೋನ್ ಮಾಡುತ್ತಾರೆ. ಎರಡೂ ಪೋಸ್ಟ್ ಆದರೆ ಮಾತ್ರ ಡಿಸ್‌ಪ್ಯೂಟ್, ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ. ನಿಮಗೆ ವಾಪಸ್ ಬಂತಾ?

ಫೀನಿಕ್ಸ್ ಪ್ರಸಾದ: ಬಂತು. ರಸೀದಿ ಒಂದೇ ಇತ್ತು, ಅದರ ಫೋಟೋ ಕಳಿಸಿದೆ. ಅದೇ ನಿಮಿಷದಲ್ಲಿ ಒಂದೇ ಪಂಪ್‌ನಿಂದ ಎರಡು ಸಲ ಹೇಗೆ ಹಾಕಿಸಲಿ ಅಂತ ಬರೆದೆ.

ಸ್ಯಾನ್ ಹೋಸೆ ಕಿಟ್ಟಿ: ಮುಂದಿನ ಸಲ ಏನು ಮಾಡೋದು? ನನ್ನ ಪ್ರಕಾರ ‘ಡೆಬಿಟ್’ ಒತ್ತಿ ಪಿನ್ ಹಾಕಿದರೆ ಹೋಲ್ಡ್ ಬೇಗ ಹೋಗುತ್ತದೆ.

ನೈಟ್ ಶಿಫ್ಟ್ ಗೌಡ: ಹೋಗುತ್ತದೆ, ಪಿನ್ ಹಾಕಿದ್ದರಲ್ಲಿ ಕೊನೆಯ ಮೊತ್ತ ಸಾಮಾನ್ಯವಾಗಿ ತಕ್ಷಣ ಹೋಗುತ್ತದೆ. ಆದರೆ ಪಂಪ್‌ನಲ್ಲಿ ಪಿನ್ ಹಾಕೋಕೆ ನನಗೆ ಧೈರ್ಯ ಇಲ್ಲ ಮಾರಾಯ. ಕಾರ್ಡಿನ ಮಾಹಿತಿ ಕದಿಯೋ ಸ್ಕಿಮ್ಮರ್ ಕೂರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕ್ರೆಡಿಟ್ ಸಿಗೋ ತನಕ ಒಳಗೆ ಹೋಗಿ ‘ಪಂಪ್ ನಾಲ್ಕಕ್ಕೆ ಮೂವತ್ತು’ ಅನ್ನೋದೇ ಒಳ್ಳೇದು. ಮೂವತ್ತೇ ಹಿಡಿಯುತ್ತದೆ. ಟ್ಯಾಂಕ್ 26ಕ್ಕೇ ತುಂಬಿದರೆ ಉಳಿದ 4 ಡಾಲರ್ ಕೆಲವು ದಿನ ತೂಗಾಡಬಹುದು, ಅಷ್ಟೇ.

ಕಾರ್ಡ್ ಕಂಪ್ಲೇಂಟ್ ಡೆಸ್ಕ್ ಅಕ್ಕ: ನಾನು ಪಿನ್ ಪರ. ಒಳಗೆ ಹೋಗಿ ನಿಲ್ಲೋಕೆ ಎಲ್ಲರಿಗೂ ಆಗಲ್ಲ, ಹಿಂದೆ ಮಗು ಮಲಗಿರುತ್ತದೆ. ಕೀಪ್ಯಾಡ್ ಕೈಯಿಂದ ಮುಚ್ಚಿಕೊಂಡು ಒತ್ತಿ.

ನೈಟ್ ಶಿಫ್ಟ್ ಗೌಡ: ಅಕ್ಕ, ಕೆಲವು ಸ್ಕಿಮ್ಮರ್‌ನಲ್ಲಿ ಕೀಪ್ಯಾಡ್ ಮೇಲೇ ಇನ್ನೊಂದು ಕೀಪ್ಯಾಡ್ ಅಂಟಿಸಿರುತ್ತಾರೆ. ಕೈ ಮುಚ್ಚಿ ಏನು ಪ್ರಯೋಜನ.

ಡಲ್ಲಾಸ್ ಹೊಸಬ: ಅಪ್‌ಡೇಟ್. ಶನಿವಾರ ಬ್ಯಾಂಕಿಗೆ ಫೋನ್ ಮಾಡಿದೆ, ಕೋಡ್ ಕೊಟ್ಟರು, ರಿಲೀಸ್ ಮಾಡೋಕೆ ಮರ್ಚೆಂಟ್ ಮಾತಾಡಬೇಕು ಅಂದರು. ಸ್ಟೇಷನ್ ಮ್ಯಾನೇಜರ್ ಸೋಮವಾರ ಬರುತ್ತಾರಂತೆ. ಅಮ್ಮ ಹೇಳಿದ ಹಾಗೆ ಆಟೋ ಪೇ ನಿಲ್ಲಿಸಿ, ರೂಮ್‌ಮೇಟ್‌ಗೆ 300 ಕಳಿಸಿದೆ, ಉಳಿದ 150 ಅವನೇ ಹಾಕಿ ಬಾಡಿಗೆ ಕಟ್ಟಿದ. ಮಂಗಳವಾರ ಬೆಳಗ್ಗೆ ಎದ್ದು ನೋಡಿದರೆ 175ರ ಸಾಲೇ ಇಲ್ಲ, 38.40 ಮಾತ್ರ ಪೋಸ್ಟೆಡ್. ಮ್ಯಾನೇಜರ್ ಹತ್ತಿರ ಹೋಗುವ ಪ್ರಮೇಯವೇ ಬರಲಿಲ್ಲ. ಬ್ಯಾಂಕಿನಲ್ಲಿ ಅಡ್ರೆಸ್ ಬದಲಾಯಿಸಿದೆ.

ಅಂದ ಹಾಗೆ, ಅಪ್ಪನ ಹತ್ತಿರ ಇರೋದು ಊರಿನ ಬ್ಯಾಂಕ್ ಕಾರ್ಡ್, ವಿಳಾಸದಲ್ಲಿ ಜಿಪ್ ಇಲ್ಲ, ಆರು ಅಂಕಿಯ ಅಂಚೆ ಪಿನ್ ಕೋಡ್. ಅವರು ಬಂದಾಗ ಪಂಪ್‌ನಲ್ಲಿ ಏನು ಒತ್ತಬೇಕು?

ನೈಟ್ ಶಿಫ್ಟ್ ಗೌಡ: ಒತ್ತೋಕೆ ಹೋಗಬೇಡ, ಮತ್ತೆ ಅನಾಥ ಹೋಲ್ಡ್ ಆದೀತು. ಸೀದಾ ಒಳಗೆ ಕರೆದುಕೊಂಡು ಹೋಗು.