ವಿಯೆನ್ನಾ ಕಾನ್ಫರೆನ್ಸ್ ಬಿಲ್ ವಾಪಸ್ ಬಂದಿದೆ, ಟಿಕೆಟ್ ದುಡ್ಡು ಸಿಗುತ್ತಾ?

ಮಲೆನಾಡ_ಹುಡುಗಿ: ಪಿಎಚ್‌ಡಿ ಮೂರನೇ ವರ್ಷ. ಕೇಂದ್ರ ಸರ್ಕಾರದ ಅನುದಾನದಲ್ಲಿ ವಿಯೆನ್ನಾಗೆ ಹೋಗಿ ಪೇಪರ್ ಮಂಡಿಸಿ ಬಂದೆ. ಮಂಜೂರಾತಿ ಪತ್ರ ಕೈಗೆ ಬಂದ ಮೇಲೇನೇ ಟಿಕೆಟ್ ತಗೊಂಡಿದ್ದು. ಖಾಸಗಿ ವೆಬ್‌ಸೈಟ್‌ನಲ್ಲಿ 58,400 ರೂಪಾಯಿ ಇತ್ತು, ಕಡಿಮೆ ಅಂತ ಅಲ್ಲೇ ಬುಕ್ ಮಾಡಿದೆ. ಈಗ ಅಕೌಂಟ್ಸ್‌ನವರು ಎರಡು ಆಕ್ಷೇಪಣೆ ಬರೆದು ಇಡೀ ಬಿಲ್ ವಾಪಸ್ ಕಳಿಸಿದ್ದಾರೆ. ಒಂದು, ಟಿಕೆಟ್ ಅಧಿಕೃತ ಏಜೆಂಟ್ ಕಡೆಯಿಂದ ತಗೊಂಡಿಲ್ಲ. ಇನ್ನೊಂದು, 450 ಯೂರೋ ನೋಂದಣಿ ಶುಲ್ಕ ನಮ್ಮ ಗೈಡ್ ಕಾರ್ಡಿನಿಂದ ಹೋಗಿದೆ. ಏನು ಮಾಡಲಿ?

ತುಂಗಾತೀರ: ಸರ್ಕಾರಿ ದುಡ್ಡಲ್ಲಿ ಹೋಗೋರು ಏರ್ ಇಂಡಿಯಾದಲ್ಲೇ ಹೋಗಬೇಕು ಅಂತಿದ್ದ ನಿಯಮವೆಲ್ಲ, ಆ ಕಂಪನಿ ಮಾರಾಟ ಆದ ಮೇಲೆ ಹೋಯ್ತಲ್ವಾ? ಈಗ ಯಾವ ಸೈಟ್ ಆದರೂ ನಡೆಯುತ್ತೆ. ಅಕೌಂಟ್ಸ್‌ನವರು ಸುಮ್ನೆ ಸತಾಯಿಸ್ತಿದ್ದಾರೆ.

ಹಳೇ_ಲ್ಯಾಬ್: ಅರ್ಧ ಸರಿ ತುಂಗಾತೀರ. ಯಾವ ವಿಮಾನ ಅನ್ನೋ ಕಟ್ಟು ಸಡಿಲಾಯ್ತು, ಯಾರ ಕಡೆಯಿಂದ ಅನ್ನೋದು ಉಳೀತು. ಹಣಕಾಸು ಸಚಿವಾಲಯದ ಜೂನ್ 2022ರ ಆದೇಶದಲ್ಲಿ ಮೂವರೇ ಏಜೆಂಟರು: ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ. ಅದು ಹೊರಟಿದ್ದು ಸರ್ಕಾರಿ ನೌಕರರಿಗೆ. ವಿದ್ಯಾರ್ಥಿಗೆ ತಟ್ಟೋದು ಮಂಜೂರಾತಿ ಪತ್ರದ ಷರತ್ತಿನ ಮೂಲಕ. ಮೇಡಂ, ನಿಮ್ಮ ಪತ್ರದ ಎರಡನೇ ಪುಟ ತೆಗೆದು ನೋಡಿ, ಏಜೆಂಟ್ ಬಗ್ಗೆ ಸಾಲು ಇದೆಯಾ?

ಕೃಷ್ಣೆಯ_ಮಗ: ನಂದೂ ಇಂಥದ್ದೇ ಗೋಳು. ನಾನು ಎರಡನೇ ಲೇಖಕ. ಮೊದಲ ಲೇಖಕರಿಗೆ ವೀಸಾ ಸಿಗದೆ ನಾನು ಹೋಗಿ ಮಂಡಿಸಿದೆ. ಬಿಲ್ ತಿರಸ್ಕೃತ.

ಹಳೇ_ಲ್ಯಾಬ್: ನಿಮ್ಮದು ಬೇರೆ ವಿಷಯ. ಅನುದಾನ ಮಂಜೂರಾಗೋದು ಹೆಸರಿಗೆ, ಪೇಪರಿಗಲ್ಲ. ಹೊರಡೋ ಮುಂಚೆಯೇ ಹೆಸರು ಬದಲಾವಣೆಗೆ ಲಿಖಿತ ಒಪ್ಪಿಗೆ ಬೇಕಿತ್ತು.

ಮಲೆನಾಡ_ಹುಡುಗಿ: ನೋಡಿದೆ ಸರ್. "ಸರ್ಕಾರದ ಪ್ರಚಲಿತ ಆದೇಶಗಳಂತೆ ಅಧಿಕೃತ ಏಜೆಂಟರ ಮೂಲಕ" ಅಂತಿದೆ.

ಹಳೇ_ಲ್ಯಾಬ್: ಹಾಗಾದ್ರೆ ಅಕೌಂಟ್ಸ್ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ, ವಿನಾಯಿತಿ ಕೊಡೋ ಅಧಿಕಾರ ಅವರಿಗಿಲ್ಲ. ಆ ಆದೇಶದಲ್ಲೇ, ಅನಿವಾರ್ಯ ಸಂದರ್ಭದಲ್ಲಿ ಬೇರೆ ಕಡೆ ಬುಕ್ ಆಗಿದ್ರೆ ಸಡಿಲಿಸೋಕೆ ದಾರಿ ಇದೆ. ಆದರೆ ಜಂಟಿ ಕಾರ್ಯದರ್ಶಿ ಮಟ್ಟಕ್ಕಿಂತ ಕೆಳಗಿನವರು ಅದನ್ನು ಕೊಡುವಂತಿಲ್ಲ. ಗೈಡ್, ವಿಭಾಗದ ಮುಖ್ಯಸ್ಥರು, ಕುಲಸಚಿವರ ಮೂಲಕ ಅನುದಾನ ಕೊಟ್ಟವರಿಗೇ ಮನವಿ ಹೋಗಬೇಕು. "ಕಡಿಮೆ ದರ ಇತ್ತು" ಅನ್ನೋದು ಅನಿವಾರ್ಯತೆ ಆಗಲ್ಲ. ವೀಸಾ ತಡವಾಗಿ ಬಂತಾ, ಏಜೆಂಟ್ ಹತ್ರ ಆ ದಿನದ ಸೀಟ್ ಇರಲಿಲ್ವಾ, ಅಂಥದ್ದು ನಿಜಕ್ಕೂ ಇದ್ರೆ ದಿನಾಂಕ ಸಮೇತ ಬರೀರಿ.

ಅದಕ್ಕೆ ಕಾಯ್ತಾ ಕೂರಬೇಡಿ. ನೋಂದಣಿ ಮತ್ತು ವೀಸಾ ಶುಲ್ಕವನ್ನು ಬೇರೆ ಬಿಲ್ ಮಾಡಿ ಈಗಲೇ ಕಳಿಸಬಹುದಾ ಕೇಳಿ. ಶುಲ್ಕದ ರಸೀದಿ ನಿಮ್ಮ ಹೆಸರಲ್ಲೇ ಇರುತ್ತೆ. ಅದರ ಜೊತೆ ಮೂರು ಕಾಗದ ಇಡಿ: ಆ ಯೂರೋಗೆ ಎಷ್ಟು ರೂಪಾಯಿ ಕಡಿತ ಆಯ್ತು ಅಂತ ತೋರಿಸೋ ಗೈಡ್ ಕಾರ್ಡಿನ ಸ್ಟೇಟ್‌ಮೆಂಟ್ ಪುಟ, ನೀವು ಅವರಿಗೆ ಅಷ್ಟು ದುಡ್ಡು ಕಳಿಸಿದ ಬ್ಯಾಂಕ್ ದಾಖಲೆ, "ಈ ಮೊತ್ತವನ್ನು ನಾನು ಬೇರೆಲ್ಲೂ ಕ್ಲೇಮ್ ಮಾಡಿಲ್ಲ" ಅಂತ ಗೈಡ್ ಸಹಿ. ಎರಡು ಸಲ ಕ್ಲೇಮ್ ಆಗಬಹುದು ಅನ್ನೋದೇ ಇಲ್ಲಿ ಅವರ ಭಯ.

ಮಲೆನಾಡ_ಹುಡುಗಿ: ಗೈಡ್‌ಗೆ ಇನ್ನೂ ದುಡ್ಡು ಕೊಟ್ಟಿಲ್ಲ, ಬಿಲ್ ಪಾಸಾದ ಮೇಲೆ ಕೊಡು ಅಂದಿದ್ರು.

ಹಳೇ_ಲ್ಯಾಬ್: ಮೊದಲು ಕಳಿಸಿ, ಖಾತೆಯಿಂದ ಖಾತೆಗೆ. ನಗದು ಬೇಡ.

ಮಲೆನಾಡ_ಹುಡುಗಿ: ಶುಲ್ಕದ ಬಿಲ್ ಬೇರೆ ತಗೋತಾರಂತೆ, ಇವತ್ತೇ ಕೊಡ್ತೀನಿ. ವೀಸಾ ಬಂದಿದ್ದು ಹೊರಡೋಕೆ ಆರು ದಿನ ಮುಂಚೆ, ಸ್ಟ್ಯಾಂಪ್‌ನಲ್ಲಿ ದಿನಾಂಕ ಇದೆ, ಅದನ್ನೇ ಮನವಿಯಲ್ಲಿ ಬರೀತೀನಿ. ಹೀಗೆ ಮನವಿ ಕೊಟ್ಟು ಟಿಕೆಟ್ ದುಡ್ಡು ವಾಪಸ್ ಪಡೆದವರು ಇಲ್ಲಿ ಯಾರಾದ್ರೂ ಇದ್ದೀರಾ?